ಮೌಂಟ್ ಮೇಸ್ತ್ರಿ

ನನಗೆ ಆ ಅಡ್ಡಹೆಸರು ಇಟ್ಟವನು ನನ್ನ ತಂಗಿಯ ಗಂಡ. ಎರಡು ವರ್ಷದ ಹಿಂದೆ ಒಂದು ಟ್ಯಾಕ್ಸಿ ನಡುಗುತ್ತದೆ ಎಂದು ಬಂದಾಗ, ಎಂಜಿನ್ ಕೂರುವ ರಬ್ಬರಿನ ಮೌಂಟ್‌ಗಳು ಸವೆದಿವೆ ಎಂದು ಒಂದೇ ಮಾತಿನಲ್ಲಿ ಹೇಳಿ ಮೂರನ್ನೂ ಬದಲಾಯಿಸಿದೆ. ನಡುಕ ಹೋಗಲಿಲ್ಲ. ಸರಿಯಾಗಿ ಉರಿಯದೆ ಮಿಸ್ ಹೊಡೆಯುತ್ತಿದ್ದುದು ಒಂದು ಸಿಲಿಂಡರ್, ಕೆಟ್ಟಿದ್ದು ಅದಕ್ಕೆ ಕಿಡಿ ಕೊಡುವ ಕಾಯಿಲ್. ತಪ್ಪು ಯಾರಿಗಾದರೂ ಆಗುತ್ತದೆ. ಆದರೆ ನಮ್ಮ ಭಾವಮೈದುನ ಆ ಕಥೆಯನ್ನು ಡ್ರೈವರ್‌ಗಳ ಸ್ಟ್ಯಾಂಡಿನಲ್ಲಿ ಉಪ್ಪುಖಾರ ಹಚ್ಚಿ ಹೇಳಿದ. ಅವತ್ತಿನಿಂದ ನಾನು ಮೌಂಟ್ ಮೇಸ್ತ್ರಿ. ಕೆಮ್ಮು ಬಂದವನೂ ನನ್ನನ್ನು ನೋಡಿದರೆ, ಮೌಂಟ್ ಹೋಗಿರಬೇಕು ಮೇಸ್ತ್ರಿ ಎಂದು ನಗುತ್ತಿದ್ದ. ಇಪ್ಪತ್ತಾರು ವರ್ಷದ ಕೆಲಸ ಒಂದು ನಗುವಿನಲ್ಲಿ ನೀರಲ್ಲಿ ಹೋಮ ಮಾಡಿದಂತಾಯಿತು.

ಅಂಥ ಭಾವಮೈದುನ ಒಂದು ಬೆಳಿಗ್ಗೆ ಹಲ್ಲಿನ ಡಾಕ್ಟರಮ್ಮನ ಕಾರು ತಂದು ನನ್ನ ಗ್ಯಾರೇಜಿನ ಮುಂದೆ ನಿಲ್ಲಿಸಿದ. ಆ ಕಾರು ಓಡಿಸುವುದೇ ಅವನ ಕೆಲಸ, ಒಂಬತ್ತು ವರ್ಷದಿಂದ. ಅವನ ಮುಖದಲ್ಲಿ ಅಂದು ನಗು ಇರಲಿಲ್ಲ. ನಿಂತ ಕಡೆ ಕಾರು ನಡುಗುತ್ತದಂತೆ, ಹಿಂದಿನ ಸೀಟಿನಲ್ಲಿ ಕೂತ ಅಮ್ಮನವರ ಕೈಯ ಫೋನೂ ಕುಣಿಯುತ್ತದಂತೆ. ನೀನು ಎಲ್ಲೋ ಕಲಬೆರಕೆ ಪೆಟ್ರೋಲ್ ಹಾಕಿಸುತ್ತಿದ್ದೀಯ, ಹಾಗೇನಾದರೂ ಸಾಬೀತಾದರೆ ಅವತ್ತೇ ಮನೆಗೆ ಎಂದು ಅವರು ಹೇಳಿದ್ದಾರಂತೆ. ಹತ್ತು ಗಂಟೆಗೆ ಅವರೇ ಬಂದು ಎದುರು ನಿಂತು ನೋಡುತ್ತಾರಂತೆ.

"ಭಾವ, ಮೌಂಟ್ ಅಂತ ಹೇಳಿಬಿಡಿ," ಎಂದ. "ನಿಮ್ಮ ಮಾತಂದ್ರೆ ನಂಬ್ತಾರೆ. ಈ ವಯಸ್ಸಿಗೆ ಇನ್ನೊಂದು ಕಡೆ ಯಾರು ಇಟ್ಕೊಳ್ತಾರೆ ನನ್ನ?"

ನನಗೆ ನಗು ತಡೆಯಲಾಗಲಿಲ್ಲ. ಮೌಂಟ್ ಮೇಸ್ತ್ರಿಯ ಹತ್ತಿರ ಮೌಂಟ್ ಬೇಡಲು ಬಂದಿದ್ದಾನೆ! ಏನು ಇದೆಯೋ ಅದನ್ನು ಹೇಳುತ್ತೇನಯ್ಯಾ ಎಂದೆ. ಅವನು ತಲೆಯಾಡಿಸಿದ. ಮಾತಿಗೆ ಮಾತು ಬಂದು, ಅಮ್ಮನವರ ಕಾಟವನ್ನೆಲ್ಲ ಹೇಳಿಕೊಂಡ. ಮನೆಯಿಂದ ಕ್ಲಿನಿಕ್ಕಿಗೆ ಹತ್ತು ನಿಮಿಷದ ದಾರಿ, ಕಾರಿಗೆ ಅದಕ್ಕಿಂತ ಉದ್ದದ ಓಟವೇ ಇಲ್ಲ. ಅವರು ಯಾವಾಗ ಹೊರಗೆ ಬಂದರೂ ಸೀಟು ತಣ್ಣಗಿರಬೇಕು. ಅದಕ್ಕೆ ದಿನಕ್ಕೆ ಎರಡು ಗಂಟೆ, ಕೆಲವು ದಿನ ಮೂರು ಗಂಟೆ, ಎಸಿ ಹಾಕಿಕೊಂಡು ಎಂಜಿನ್ ಆಫ್ ಮಾಡದೆ ಕ್ಲಿನಿಕ್ಕಿನ ಮುಂದೆ ನಿಲ್ಲಿಸಿಕೊಂಡಿರುತ್ತಾನೆ. ಸುಮ್ಮನೆ ಕೂತು ಬೆನ್ನು ನೋವು ಬಂದಿದೆ ಎಂದ. ಅವನಿಗೆ ಬೆನ್ನು ಮಾತ್ರ ಹೊಳೆದಿತ್ತು. ನನಗೆ ಎಂಜಿನ್ ಹೊಳೆಯಿತು. ಹೀಗೆ ನಿಂತಲ್ಲೇ ಉರಿಸಿದರೆ, ಒಮ್ಮೆಯೂ ಉದ್ದಕ್ಕೆ ಬಿಸಿಯಾಗಿ ಓಡದಿದ್ದರೆ, ಎಷ್ಟೇ ಒಳ್ಳೆಯ ಪೆಟ್ರೋಲ್ ಇದ್ದರೂ ಅದನ್ನು ಒಳಗೆ ಚಿಮ್ಮಿಸುವ ಇಂಜೆಕ್ಟರಿನ ಬಾಯಿಗೆ ಜಿಡ್ಡು ಕಟ್ಟುತ್ತದೆ. ನಾನು ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡೆ.

ಡಾಕ್ಟರಮ್ಮ ಹೇಳಿದ ಸಮಯಕ್ಕೆ ಆಟೋದಲ್ಲಿ ಬಂದರು. ಸ್ಟೂಲು ಒರೆಸಿ ಕೊಟ್ಟರೂ ಕೂರಲಿಲ್ಲ.

ಮೊದಲು ಬಾನೆಟ್ ಎತ್ತಿ, ಬ್ರೇಕ್ ಒತ್ತಿ ಹಿಡಿದು ಗೇರನ್ನು ಡಿ‌ಗೆ, ಅಲ್ಲಿಂದ ರಿವರ್ಸಿಗೆ ಹಾಕಲು ಭಾವಮೈದುನನಿಗೆ ಹೇಳಿದೆ. ಒಂದೊಂದು ಸಲಕ್ಕೂ ಎಂಜಿನ್ ಎದ್ದು ವಾಲಿತು. ಬಲಗಡೆಯ ಮೌಂಟಿನ ರಬ್ಬರ್ ಬಿರಿದಿತ್ತು. ಜಾಕಿನ ಮೇಲೆ ಮರದ ತುಂಡಿಟ್ಟು ಎಂಜಿನ್ನನ್ನು ಕೊಂಚ ಎತ್ತಿ ಹಿಡಿದಾಗ ಸೀಟಿನ ನಡುಕ ಅರ್ಧಕ್ಕರ್ಧ ಇಳಿಯಿತು.

"ಮೌಂಟ್ ಹೋಗಿದೆಯಮ್ಮಾ," ಎಂದೆ.

ಭಾವಮೈದುನ ಉಸಿರು ಬಿಟ್ಟಿದ್ದು ನನಗೆ ಕೇಳಿಸಿತು. ಅಲ್ಲಿಗೇ ನಿಲ್ಲಿಸಬಹುದಿತ್ತು. ಹೇಳಿದ್ದು ಸುಳ್ಳಲ್ಲ. ಮೌಂಟ್ ಹಾಕುವಾಗ ಉಳಿದದ್ದನ್ನು ಸದ್ದಿಲ್ಲದೆ ಸರಿಮಾಡಿದ್ದರೆ ಹುಲಿಯೂ ಬದುಕುತ್ತಿತ್ತು, ಹಸುವೂ ಬದುಕುತ್ತಿತ್ತು. ಆದರೆ ಡಾಕ್ಟರಮ್ಮನ ಹಿಂದೆ, ಪಕ್ಕದ ಟೈರ್ ಅಂಗಡಿಯ ಬಾಗಿಲಲ್ಲಿ ಸ್ಟ್ಯಾಂಡಿನ ಇಬ್ಬರು ಡ್ರೈವರ್‌ಗಳು ನಿಂತಿದ್ದರು. ಮೌಂಟ್ ಎಂಬ ಮಾತು ಕಿವಿಗೆ ಬಿದ್ದದ್ದೇ ಒಬ್ಬ ಇನ್ನೊಬ್ಬನ ಪಕ್ಕೆ ತಿವಿದ. ನನಗೆ ರಕ್ತ ತಲೆಗೇರಿತು.

"ಅದು ನಡುಕ ಒಳಗೆ ಬರೋ ದಾರಿ ಅಷ್ಟೇ," ಎಂದೆ. "ನಡುಕ ಹುಟ್ಟೋದು ಬೇರೆ ಕಡೆ. ಬನ್ನಿ, ತೋರಿಸ್ತೀನಿ."

ಮೌಂಟ್ ಒಂದೇ ಹೋಗಿದ್ದರೆ ಆರ್‌ಪಿಎಂ ಮುಳ್ಳು ಅಲ್ಲಾಡುವುದಿಲ್ಲ. ಇಲ್ಲಿ ಮುಳ್ಳು ಸೋತು ಸೋತು ಏಳುತ್ತಿತ್ತು. ಸೈಲೆನ್ಸರಿನ ಬಾಯಿಗೆ ಅಂಗೈ ಹಿಡಿಯಲು ಅವರಿಗೆ ಹೇಳಿದೆ, ಹಿಡಿದರು. ಗಾಳಿ ಸಮವಾಗಿ ಬರದೆ ನಡುನಡುವೆ ತಪ್ಪುತ್ತಿತ್ತು. ಆಮೇಲೆ ಒಂದೊಂದೇ ಕಾಯಿಲಿನ ಕನೆಕ್ಟರ್ ಕಿತ್ತೆ. ಒಂದು, ಎರಡು, ನಾಲ್ಕು ಕಿತ್ತಾಗ ಎಂಜಿನ್ ಕುಸಿಯಿತು. ಮೂರನೆಯದನ್ನು ಕಿತ್ತರೆ ಹೆಚ್ಚೇನೂ ವ್ಯತ್ಯಾಸವಿಲ್ಲ. ಮಿಸ್ ಹೊಡೆಯುವುದು ಮೂರನೆಯದು. ಅದರ ಕಾಯಿಲ್ ತೆಗೆದು ಒಂದನೆಯದಕ್ಕೆ ಹಾಕಿದೆ, ರೋಗ ಕದಲಲಿಲ್ಲ. ಪ್ಲಗ್ ಬದಲಿಸಿದೆ, ಆಗಲೂ ಕದಲಲಿಲ್ಲ. ಸಿಲಿಂಡರಿನ ಒತ್ತಡ, ಕಂಪ್ರೆಶನ್ ನೋಡಿದೆ, ನಾಲ್ಕೂ ಸಮ. ಕೊನೆಗೆ ಇಂಜೆಕ್ಟರ್ ಅದಲು ಬದಲು ಮಾಡಿದೆ. ರೋಗ ಮೂರನ್ನು ಬಿಟ್ಟು ಒಂದಕ್ಕೆ ಬಂತು.

ಅಷ್ಟು ಚೊಕ್ಕಟವಾಗಿ ನಾನು ಯಾವತ್ತೂ ಕೆಲಸ ಮಾಡಿರಲಿಲ್ಲ. ಟೈರ್ ಅಂಗಡಿಯ ಬಾಗಿಲಲ್ಲಿ ನಗು ನಿಂತಿತ್ತು. ನಾಲ್ಕೂ ಇಂಜೆಕ್ಟರ್ ಬಿಚ್ಚಿ ಟೆಸ್ಟ್ ಬೆಂಚಿಗೆ ಹಾಕಿದೆ. ಮೂರು ಮಂಜಿನ ಹಾಗೆ ಚಿಮ್ಮಿದವು. ಒಂದು ಮಾತ್ರ ಕೆಟ್ಟ ನಲ್ಲಿಯ ಹಾಗೆ ತೊಟ್ಟಿಕ್ಕಿತು. ಅದರ ತುದಿಯನ್ನು ಬಿಳಿ ಬಟ್ಟೆಗೆ ಒರೆಸಿ ಕಪ್ಪು ತೋರಿಸಿದೆ.

"ಇದಕ್ಕೆ ಕೊಳೆ ಹೇಗೆ ಬರುತ್ತೆ ಮೇಸ್ತ್ರಿ?" ಎಂದು ಡಾಕ್ಟರಮ್ಮ ಕೇಳಿದರು.

ನಾನು ಭಾವಮೈದುನನನ್ನು ನೋಡಿದೆ. ಅವನು ನನ್ನನ್ನು ನೋಡುತ್ತಿರಲಿಲ್ಲ, ಆ ಬಟ್ಟೆಯನ್ನು ನೋಡುತ್ತಿದ್ದ.

"ಕೆಟ್ಟ ಪೆಟ್ರೋಲಿಂದ ಬರುತ್ತಮ್ಮಾ," ಎಂದೆ.

ಅದೂ ಸುಳ್ಳಲ್ಲ. ಬರುತ್ತದೆ. ಬೇರೆಯದರಿಂದಲೂ ಬರುತ್ತದೆಯೇ ಎಂದು ಅವರು ಕೇಳಲಿಲ್ಲ. ತಣ್ಣನೆಯ ಸೀಟಿನಲ್ಲಿ ಕೂತು ಅಭ್ಯಾಸವಾದವರಿಗೆ ಅದು ಹೇಗೆ ಹೊಳೆಯಬೇಕು? ಒಂದೇ ಬಂಕಿನಲ್ಲಿ ಹಾಕಿಸುತ್ತೇನೆ ಅಮ್ಮಾ, ಬೇಕಾದರೆ ಅಲ್ಲಿಯವರನ್ನು ಕೇಳಿ ಎಂದು ಅವನು ತೊದಲಿದ. ಅವರು ಕೈ ಚಾಚಿದರು. ಒಂಬತ್ತು ವರ್ಷ ಜೇಬಿನಲ್ಲಿದ್ದ ಬೀಗದ ಕೈಯನ್ನು ಅವನು ಆ ಕೈಯಲ್ಲಿ ಇಟ್ಟ. ನನಗೆ ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಬಾಯಲ್ಲಿ ಬೆಲ್ಲ ಇಟ್ಟುಕೊಂಡ ಹಾಗಿತ್ತು.

ಬೀಗದ ಕೈಯನ್ನು ನನಗೆ ಒಪ್ಪಿಸಿ ಅವರು ಹೋದರು. ಸಂಜೆ ಹೊತ್ತಿಗೆ ಇಂಜೆಕ್ಟರ್ ತೊಳೆದು, ಮೌಂಟ್ ಬದಲಿಸಿ ಕಾರು ಕಳಿಸಿದೆ. ಡ್ಯಾಶ್‌ಬೋರ್ಡಿನ ಮೇಲೆ ನೀರು ತುಂಬಿದ ಲೋಟ ಇಟ್ಟರೂ ತುಳುಕುತ್ತಿರಲಿಲ್ಲ. ಸ್ಟ್ಯಾಂಡಿನಲ್ಲಿ ಈಗ ಯಾರೂ ನನ್ನನ್ನು ನೋಡಿ ನಗುವುದಿಲ್ಲ. ತಂಗಿಯೂ ನಗುವುದಿಲ್ಲ. ಅವಳು ನಾಲ್ಕು ಮನೆಯ ಅಡುಗೆ ಕೆಲಸ ಹಿಡಿದಿದ್ದಾಳೆ ಎಂದು ನನ್ನ ಹೆಂಡತಿ ಹೇಳಿದಳು.

ಮೂರು ವಾರದ ನಂತರ ಅವನು ಗ್ಯಾರೇಜಿಗೆ ಬಂದ. ಜಗಳಕ್ಕೆ ಬಂದಿದ್ದಾನೆ ಎಂದುಕೊಂಡು ನಾನು ಸ್ಪ್ಯಾನರ್ ಕೆಳಗಿಡದೆ ನಿಂತೆ. ಅವನು ಸ್ಟೂಲಿನ ತುದಿಯಲ್ಲಿ ಕೂತ. ಗಡ್ಡ ಬೆಳೆದಿತ್ತು. ಆ ಬಂಕಿನವನ ಕೊರಳಪಟ್ಟಿ ಹಿಡಿಯಲು ಹೋಗಿ ಅಲ್ಲಿಯ ಹುಡುಗರಿಂದ ಹೊಡೆಸಿಕೊಂಡು ಬಂದೆ ಎಂದ. ಹುಬ್ಬಿನ ಮೇಲಿನ ಹೊಲಿಗೆ ಇನ್ನೂ ಹಸಿಯಾಗಿತ್ತು. ಒಂಬತ್ತು ವರ್ಷ ಅಮ್ಮನವರ ಕಾರಿಗೆ ವಿಷ ಕುಡಿಸಿದೆ ಭಾವ, ನನಗೇ ಗೊತ್ತಾಗಲಿಲ್ಲ, ನೀವು ಇಲ್ಲದಿದ್ದರೆ ಗೊತ್ತಾಗುತ್ತಲೂ ಇರಲಿಲ್ಲ ಎಂದ. ನಿಮಗೆ ಹೆಸರಿಟ್ಟು ನಗಾಡಿದ್ದಕ್ಕೆ ದೇವರು ಕೊಟ್ಟ ಶಿಕ್ಷೆ ಎಂದೂ ಹೇಳಿದ. ನಾನು ಸ್ಪ್ಯಾನರ್ ಕೆಳಗಿಟ್ಟು ಕೈ ಒರೆಸಿಕೊಂಡೆ.

ಯಾರೋ ವ್ಯಾಪಾರಿ ಒಂದು ತಿಂಗಳ ಮಟ್ಟಿಗೆ ನೋಡುತ್ತೇನೆ ಎಂದಿದ್ದಾನಂತೆ. ಅಲ್ಲಿಯೂ ಹೆಸರು ಕೆಡಬಾರದು.

"ಯಾವ ಬಂಕಲ್ಲಿ ಹಾಕಿಸಿದ್ರೆ ಹೀಗಾಗಲ್ಲ ಭಾವ?" ಎಂದು ಕೇಳಿದ.

ಸೇತುವೆ ದಾಟಿದ ಮೇಲೆ ಎಡಗಡೆ ಸಿಗುವ ಬಂಕು ಒಳ್ಳೆಯದು ಎಂದು ಹೇಳಿದೆ. ಸೇತುವೆ, ಎಡಗಡೆ ಎಂದು ಬಾಯಲ್ಲೇ ಎರಡು ಸಲ ಹೇಳಿಕೊಂಡು, ಅವನು ನನಗೆ ಕೈ ಮುಗಿದು ಹೋದ.