ಕೂರದ ಐದು ಕಲ್ಲು

ಕಂಪ್ಯೂಟರಿನ ಪರದೆಯಲ್ಲಿ ಕಮಲಾಪುರದ ಹಳೇ ಬುರುಜು ಬಿರುಕಿಲ್ಲದೆ ನಿಂತಿತ್ತು. ಆದರೂ ಜಾಹೇದಾಗೆ ಸಮಾಧಾನವಿರಲಿಲ್ಲ.

ದುರಸ್ತಿಗೆ ಮೊದಲು ಬುರುಜಿನ ಕಲ್ಲುಕಲ್ಲೂ ಕಾಣುವಂಥ ಚಿತ್ರ ಬೇಕೆಂದು ಎಂಜಿನಿಯರು ಕೇಳಿದ್ದರು. ಯಾವ ಕ್ಯಾಮೆರಾವೂ ಒಂದೇ ಸಲಕ್ಕೆ ಅಷ್ಟು ಹಿಡಿಯದು. ಅದಕ್ಕೇ ಸ್ಟುಡಿಯೋದ ಜಯತೀರ್ಥ ದೂರದಲ್ಲಿ ಸ್ಟ್ಯಾಂಡು ಊರಿ, ಅಂದು ಮುಂಜಾನೆ ಉದ್ದನೆಯ ಲೆನ್ಸಿನಿಂದ ಸಾಲುಸಾಲಾಗಿ ನೂರಾರು ಫೋಟೋ ತೆಗೆದು, ಮೆಮೊರಿ ಕಾರ್ಡನ್ನು ಬಸ್ಸಿನಲ್ಲಿ ಕಲಬುರಗಿಗೆ ಕಳಿಸಿದ್ದ. ಒಂದರ ಅಂಚು ಇನ್ನೊಂದರ ಮೇಲೆ ಬರುತ್ತಿತ್ತು. ಎರಡರಲ್ಲೂ ಇರುವ ಗುರುತು ಹಿಡಿದು ಅವನ್ನು ಜೋಡಿಸುವುದು ಅಲ್ಲಿನ ಬ್ರಹ್ಮಪುರ ಬಡಾವಣೆಯ ಸ್ಟುಡಿಯೋದಲ್ಲಿ ಕೂತ ಜಾಹೇದಾಳ ಕೆಲಸ.

ಎಲ್ಲ ಗುರುತುಗಳೂ ಕೂತಿದ್ದವು, ಐದು ಕಲ್ಲುಗಳ ಹೊರತು. ಅವು ಕೆಳಗಿನ ಸಾಲಿನ ಫೋಟೋದಲ್ಲಿ ಒಂದು ಕಡೆ, ಮೇಲಿನ ಸಾಲಿನಲ್ಲಿ ಕೂದಲೆಳೆ ಆಚೆ. ಸಾಫ್ಟ್‌ವೇರು ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಟ್ಟು ಚಿತ್ರವನ್ನು ನಯ ಮಾಡಿತ್ತು.

ಬುರುಜಿನ ಎದುರಿಗೇ ಇದ್ದ ಜಯತೀರ್ಥನಿಗೆ ಅವಳು ಫೋನು ಹಚ್ಚಿದಳು.

"ಸರ್, ಎರಡೂ ಸಾಲಿನ ನಡುವ ಎಷ್ಟ್ ಹೊತ್ತು ಆಗಿತ್ರೀ?"

"ಬ್ಯಾಟರಿ ಮುಗೀತು. ಚಾ ಅಂಗಡ್ಯಾಗ ಚಾರ್ಜಿಗೆ ಹಚ್ಚಿದ್ದೆ. ಒಂದೆರಡು ತಾಸು. ಯಾಕ?"

"ಐದು ಕಲ್ಲು ಸರದಾವ್ರೀ."

ಜಯತೀರ್ಥ ನಕ್ಕ. "ಬ್ಯಾಟರಿ ಹಾಕುವಾಗ ಕ್ಯಾಮೆರಾ ಅಲುಗ್ಯಾಡಿರ್ತದ. ಮೋಡ ಕಂಡ್ರ ಛತ್ರಿ ಬಿಚ್ಚಾಕಿ ನೀ, ನಾ ಬಲ್ಲೆ."

ಕಾರಣವಿಲ್ಲದೆ ಬುರುಜಿನ ಕೆಲಸ ನಿಲ್ಲಿಸಿದರೆ ಊರೆಲ್ಲ ನಗುತ್ತದೆ. ನಿಲ್ಲಿಸದಿದ್ದರೆ?

"ಕ್ಯಾಮೆರಾ ತಿರುಗಿದ್ರ ಇಡೀ ಸಾಲೇ ತಿರುಗಬೇಕ್ರೀ. ಬಗಲಿನ ಕಲ್ಲೆಲ್ಲಾ ಸರಿ ಕೂತಾವ. ಕೆಳಗ ಯಾರರ ಅದಾರೇನು?"

"ದುರಸ್ತಿಗೆ ಬಂದ ಗೌಂಡಿ ಮಾಪಣ್ಣನ ಮಂದಿ. ನೆರಳಿಗೆ ಕುಂತು ರೊಟ್ಟಿ ತಿನ್ನಾಕತ್ತ್ಯಾರ."

"ನಿಮ್ಮ ಕಾಲಿಗೆ ಬೀಳ್ತೀನಿ ಸರ್. ಸ್ಟ್ಯಾಂಡು ಅಲ್ಲೇ ಅದ ಅಲ್ಲ? ಎಡಕ್ಕ, ಹುಲ್ಲು ಬೆಳೆದ ಸಂದಿನ ಮ್ಯಾಲ, ಇನ್ನೊಂದು ಫೋಟೋ ಹೊಡದು ಮುಂಜಾನೆದರ ಜೋಡಿ ಕ್ಯಾಮೆರಾದಾಗೇ ನೋಡ್ರಿ. ಹತ್ರ ಮಾತ್ರ ಹೋಗಬ್ಯಾಡ್ರಿ."

ಮುಂಜಾನೆಯ ಫೋಟೋಗಳ ಕಾರ್ಡು ತನ್ನ ಬಳಿಯೇ ಇದೆ ಎಂಬುದು ಅವಳಿಗೆ ಆಮೇಲೆ ಹೊಳೆಯಿತು. ಪರದೆಯನ್ನು ದೊಡ್ಡದು ಮಾಡಿದಳು. "ಮುಂಜಾನಿದು ನಾನೇ ಹೇಳ್ತೀನ್ರೀ. ಹುಲ್ಲಿನ ಕೆಳಗಿನ ಸಂದಿನಾಗ ಗಾರೆ ಬಿಳೇ ಗೆರಿ ಹಂಗ, ತುಂಡಾಗದ ಅದ."

ಕ್ಲಿಕ್ ಸದ್ದು ಕೇಳಿಸಿತು. ಆಮೇಲೆ ಫೋಟೋ ಹಿಗ್ಗಿಸಲು ಅವನು ಗುಂಡಿ ಒತ್ತುವ ಟಿಕ್ ಟಿಕ್.

"ಗೆರಿ ಇಲ್ಲವ್ವ," ಎಂದ. ದನಿ ಬೇರೆಯಾಗಿತ್ತು. "ಕರೇ ಸಂದು ಅದ."

ಮರುಗಳಿಗೆ ಅವನ ಕೂಗು ಕಿವಿಗೆ ಅಪ್ಪಳಿಸಿತು. "ಮಾಪಣ್ಣಾ! ಏಳ್ರೋ, ಬಯಲಿಗೆ ಬರ್ರಿ!"

"ರೊಟ್ಟಿ ಬಿಟ್ಟು ಎಲ್ಲಿಗ್ರೀ ಸಾಹುಕಾರ್ರ?" ದೂರದಿಂದ ಯಾರೋ ನಕ್ಕರು. ಡಬ್ಬಿಗಳು ಸದ್ದು ಮಾಡಿದವು, ಕಾಲುಗಳು ಓಡಿದವು. ಆಮೇಲೆ ಭಾರವಾದದ್ದೇನೋ ನೆಲಕ್ಕೆ ಕುಸಿದ ಸದ್ದು, ಕೆಮ್ಮು.

ಜಾಹೇದಾ ಫೋನನ್ನು ಕಿವಿಗೆ ಒತ್ತಿ ಹಿಡಿದೇ ಇದ್ದಳು.

"ಎಲ್ಲಾರೂ ಬಂದಾರ," ಎಂದ ಜಯತೀರ್ಥ ಕಡೆಗೆ. "ರೊಟ್ಟಿ ಗಂಟಷ್ಟೇ ಕಲ್ಲಿನ ಅಡಿಯಾಗ ಹೋಗೇದ."

ಅವಳು ಪರದೆಯತ್ತ ನೋಡಿದಳು. ಅಲ್ಲಿ ಬುರುಜು ಇನ್ನೂ ಬಿರುಕಿಲ್ಲದೆ ನಿಂತಿತ್ತು.