ಮೂರು ಕಾಲಂ

ಒಂದು ಗಂಟೆಯ ಸಭೆಯ ನಡವಳಿ ಬರೆಯಲು ಎಷ್ಟು ಹೊತ್ತು ಬೇಕು? ಆಡಿದ ಮಾತನ್ನೆಲ್ಲ ಅಕ್ಷರಶಃ ಇಳಿಸಿದರೆ ಇಡೀ ದಿನ. ಯಾರು ಏನೆಂದರು, ಯಾಕೆ ಹೀಗೆ ತೀರ್ಮಾನವಾಯಿತು ಎಂದು ಸಾರಾಂಶ ಬರೆದರೆ ಅರ್ಧ ದಿನ. ಕೆಲಸ ಏನು, ಯಾರದು, ಎಂದಿನೊಳಗೆ ಎಂಬ ಮೂರು ಕಾಲಂ ತುಂಬಿಸಿ ಬಿಟ್ಟರೆ ಲೋಟದ ಚಹಾ ಆರುವಷ್ಟರಲ್ಲಿ ಮುಗಿಯಿತು. ಗೋದಾಮಿನ ಗುಮಾಸ್ತೆಗೆ ಈ ಲೆಕ್ಕ ಬಾಯಿಪಾಠ. ವಿಚಾರಣೆಗೆ ಅಕ್ಷರಶಃ, ವಾದವಿದ್ದಲ್ಲಿ ಸಾರಾಂಶ, ವಾರದ ಸಭೆಗೆ ಮೂರು ಕಾಲಂ ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದವಳೂ ಅವಳೇ.

ಆ ಸುರಕ್ಷತಾ ಸಭೆಯೂ ವಾರದ್ದೇ. ಅದೇ ಗೋದಾಮಿನಲ್ಲಿ ಫಿಟ್ಟರ್ ಆಗಿದ್ದ ಅವಳ ತಮ್ಮ ಅಂದು ಪಟ್ಟು ಹಿಡಿದ.

"ಸರ್, ಸರಕಿನ ಲಿಫ್ಟ್‌ನ ಬ್ರೇಕ್ ಹಿಡೀತಿಲ್ಲ. ಹೊಸದು ಬರೋ ತನಕ ನಿಲ್ಸಿಬಿಡಿ."

"ಮೂಟೆಯೆಲ್ಲಾ ನೀನೇ ಹೊರ್ತೀಯೇನಪ್ಪಾ?" ಎಂದ ಮ್ಯಾನೇಜರ್. "ಹೊಸದು ಮುಂದಿನ ತಿಂಗಳು ನೋಡೋಣ. ಈಗ ಇರೋದನ್ನೇ ಬಿಗಿ ಮಾಡು."

ತಮ್ಮ ನಡವಳಿ ಬರೆಯುತ್ತಿದ್ದ ಅವಳತ್ತ ತಿರುಗಿದ. "ಅಕ್ಕಾ, ನಾನು ಬೇಡ ಅಂದಿದ್ದು ಬರ್ಕೊಂಡ್ಯಾ?"

"ನಿನ್ನ ಪುರಾಣ ಬರೀತಾ ಕೂತ್ರೆ ನನ್ನ ಊಟ ಸಂಜೆಗೇ ಕಣೋ."

ಎಲ್ಲರೂ ನಕ್ಕರು. ಅವನೂ ನಕ್ಕ.

ಅವಳು ಬರೆದದ್ದು ಒಂದೇ ಸಾಲು: ಲಿಫ್ಟ್ ಬ್ರೇಕ್ ದುರಸ್ತಿ, ಫಿಟ್ಟರ್, ತಿಂಗಳ ಕೊನೆಯೊಳಗೆ. ಮುಂದಿನ ಸಭೆಯಲ್ಲಿ ಎಲ್ಲರ ಒಪ್ಪಿಗೆಯಿಂದ ಅದು ಸ್ಥಿರೀಕರಣವಾಯಿತು. ತಮ್ಮನೂ ಓದದೆ ತಲೆಯಾಡಿಸಿದ. ವಾಡಿಕೆಯಂತೆ ಅವಳು ಸಭೆಯ ಧ್ವನಿಮುದ್ರಣ ಅಳಿಸಿದಳು.

ತಿಂಗಳು ತುಂಬುವ ಮೊದಲೇ ಲಿಫ್ಟ್ ಕುಸಿಯಿತು. ಒಳಗಿದ್ದ ತಮ್ಮ ಉಳಿಯಲಿಲ್ಲ.

ವಿಚಾರಣೆಯಲ್ಲಿ ಟೈಪಿಸ್ಟ್ ಒಂದು ಮಾತೂ ಬಿಡದೆ ಇಳಿಸಿಕೊಳ್ಳುತ್ತಿದ್ದ.

"ದುರಸ್ತಿ ಅವನ ಹೆಸರಲ್ಲಿದೆ. ಲಿಫ್ಟ್ ನಿಲ್ಸಿ ಅಂತ ಹೇಳಿದ್ದ ಅಂತೀರಿ, ಅದೆಲ್ಲಿದೆಯಮ್ಮಾ?" ಎಂದು ಅಧಿಕಾರಿ ಕೇಳಿದರು.

"ನನ್ನ ಕಿವೀಲಿದೆ ಸರ್. ಈಗ ಬರೆದು ಸೇರಿಸ್ಲಾ?"

"ಸ್ಥಿರವಾದ ನಡವಳಿಗೆ ಆಮೇಲೆ ಮಾತು ತುಂಬೋಕಾಗಲ್ಲ. ನೀವು ಹೇಳಿಕೆ ಕೊಡಬಹುದು, ಅಷ್ಟೇ. ಅದೂ ನೀವು ಅವನ ಅಕ್ಕ."

ಮ್ಯಾನೇಜರ್ ತನಗೆ ನೆನಪಿಲ್ಲ ಎಂದ. ಉಳಿದವರು ನೆಲ ನೋಡಿದರು. ಯಾಕೆ ಬರೆದುಕೊಳ್ಳಲಿಲ್ಲ ಎಂದು ಅಧಿಕಾರಿ ಕೇಳಿದಾಗ ಅವಳು ಟೈಪಿಸ್ಟನ ಬೆರಳುಗಳನ್ನೇ ನೋಡಿದಳು. 'ಸಾಕ್ಷಿ ಉತ್ತರಿಸಲಿಲ್ಲ' ಎಂದು ಟೈಪಿಸ್ಟ್ ಅದನ್ನೂ ಇಳಿಸಿಕೊಂಡ.

ಸಂಜೆ ತಮ್ಮನ ಹೆಂಡತಿ ಒಲೆ ಹಚ್ಚದೆ ಅಡುಗೆಮನೆಯಲ್ಲಿ ಕೂತಿದ್ದಳು.

"ಅವತ್ತು ಸಭೆ ಮುಗಿಸಿ ಬಂದಾಗ ಇವರನ್ನ ಕೇಳಿದ್ದೆ ಅಕ್ಕಾ, 'ನೀವು ಹೇಳಿದ್ದನ್ನ ಅಕ್ಕ ಬರ್ಕೊಂಡ್ರಾ' ಅಂತ. 'ಅಕ್ಕ ಬಾಯಲ್ಲಿ ಬೈತಾಳೆ, ಬರ್ಕೊಂಡೇ ಇರ್ತಾಳೆ ಬಿಡು' ಅಂದ್ರು."

ಗುಮಾಸ್ತೆ ಅವಳ ಪಕ್ಕ ನೆಲದ ಮೇಲೆ ಕೂತಳು. ಇಬ್ಬರೂ ದೀಪ ಹಾಕಲಿಲ್ಲ.

ಫಿಟ್ಟರನ ನಿರ್ಲಕ್ಷ್ಯವೇ ಕಾರಣ ಎಂದು ವರದಿ ಬಂತು. ಹೊಸ ಬ್ರೇಕ್ ಕೂಡ ಬಂತು. ಸುರಕ್ಷತಾ ಸಭೆಗೆ ಅವಳೀಗ ಸಾರಾಂಶವನ್ನೇ ಬರೆಯುತ್ತಾಳೆ. ಬೇಡ ಎಂದವರ ಹೆಸರು, ಬೇಡ ಎಂದ ಕಾರಣ, ಎರಡನ್ನೂ ಬಿಡುವುದಿಲ್ಲ.

ಅಂದು ಮೂರು ಕಾಲಂನಿಂದ ಉಳಿದದ್ದು ಅರ್ಧ ದಿನ. ಹೋದದ್ದು ತಮ್ಮನ ಒಳ್ಳೆಯ ಹೆಸರು.