ಇಪ್ಪತ್ತೈದು ಮೀಟರ್ ಕಟ್ಟಡ

ಸಂಪತ್ಕುಮಾರ ಮೇಷ್ಟ್ರಿಗೆ ಒಂದು ಹೆಮ್ಮೆ ಇತ್ತು. ಹಾಸನದಲ್ಲಿ ಭೌತಶಾಸ್ತ್ರದ ಟ್ಯೂಷನ್ ಹೇಳುವವರು ಬೇಕಾದಷ್ಟು ಜನ ಇದ್ದಾರೆ, ಆದರೆ ವಾಟ್ಸಾಪ್ ಗುಂಪಿಗೆ ಮಕ್ಕಳು ಹಾಕಿದ ಪ್ರಶ್ನೆಗೆ ಕಾಫಿ ಆರುವುದರೊಳಗೆ ಉತ್ತರ ಹಾಕುವವರು ತಾವೊಬ್ಬರೇ ಎಂದು. ಹೊಳೆನರಸೀಪುರದ ಮನೆಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವಾಗ ಸೀಟು ಸಿಗಲಿ ಬಿಡಲಿ, ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಫೋನು.

ನಿಸರ್ಗ ಕಳಿಸಿದ ಸ್ಕ್ರೀನ್‌ಶಾಟಿಗೂ ಹಾಗೇ ನಿಂತುಕೊಂಡೇ ಉತ್ತರಿಸಿದ್ದರು. ಕೊರವಂಗಲದ ಹುಡುಗಿ, ಮೊದಲ ಪಿಯುಸಿ, ಮಾತು ಕಡಿಮೆ. ಗುಂಪಿನಲ್ಲಿ ಅವಳು ಪ್ರಶ್ನೆ ಹಾಕಿದ್ದು ಅದೇ ಮೊದಲು. ಆ್ಯಪಿನಲ್ಲಿ ನಡೆದ ಅಣಕು ಪರೀಕ್ಷೆಯದು. ಸರಿಯುತ್ತರ ಇನ್ನೂ ಬಿಟ್ಟಿರಲಿಲ್ಲ. ಚಿತ್ರದಲ್ಲಿ ಕಂಡದ್ದು ಇಷ್ಟು: ಒಂದು ಕಲ್ಲನ್ನು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ನೇರ ಮೇಲಕ್ಕೆ ಎಸೆದರೆ ಅದು ನೆಲ ತಲುಪಲು ಎಷ್ಟು ಸಮಯ ಬೇಕು? g ಬೆಲೆ 10. ಎ, 2 ಸೆಕೆಂಡ್. ಬಿ, 3. ಸಿ, 5. ಅಲ್ಲಿಗೆ ಚಿತ್ರ ಮುಗಿದಿತ್ತು. ಕೆಳಗೆ ನಿಸರ್ಗ ಬರೆದಿದ್ದಳು, ನನಗೆ ಸಿ ಬಂತು, ಸರಿಯಾ ಸಾರ್?

ಮೇಲೆ ಹೋಗಲು ಎರಡು, ಇಳಿಯಲು ಎರಡು. ನಾಲ್ಕು. ಕಂಡ ಮೂರರಲ್ಲಿ ನಾಲ್ಕಿಲ್ಲ, ಅಂದಮೇಲೆ ಕತ್ತರಿಸಿಹೋದ ಡಿ ಆಯ್ಕೆಯೇ ನಾಲ್ಕಿರಬೇಕು. ಮೇಷ್ಟ್ರು ಕೂಡಲೇ ಬರೆದರು: ‘ಉತ್ತರ 4, ಡಿ. ಇದು ಹತ್ತನೇ ಕ್ಲಾಸಿನ ಲೆಕ್ಕ ಕಣಮ್ಮ. ಇದೂ ಬರದಿದ್ದರೆ ಸೈನ್ಸ್ ಯಾಕೆ ತಗೊಂಡೆ?’ ಕೊನೆಗೊಂದು ನಗುವ ಮುಖ. ಗುಂಪಿನ ತುಂಬ ನಗುವ ಮುಖಗಳು ಬಂದವು. ನಿಸರ್ಗ ‘ಥ್ಯಾಂಕ್ಯೂ ಸಾರ್’ ಎಂದು ಹಾಕಿ ಸುಮ್ಮನಾದಳು.

ಆಮೇಲೆ ಅವಳು ಟ್ಯೂಷನ್ನಿಗೆ ಬರಲಿಲ್ಲ. ಜ್ವರವೋ, ಹಬ್ಬವೋ ಎಂದು ಮೇಷ್ಟ್ರು ಹೆಚ್ಚು ಯೋಚಿಸಲಿಲ್ಲ.

ಆ ವಾರದ ಕೊನೆಯ ತರಗತಿಯಲ್ಲಿ ಅಭಿಷೇಕ್ ಎನ್ನುವವನು ಫೋನು ಹಿಡಿದು ಎದ್ದ. ಆ್ಯಪಿನವರು ಆ ಕಲ್ಲಿನ ಲೆಕ್ಕಕ್ಕೆ ಸಿ ಅಂತ ಕೊಟ್ಟಿದ್ದಾರೆ, ಅವರದೇ ತಪ್ಪಲ್ವಾ ಎಂದು ಕೇಳಿದ. ಅವರದೇ ತಪ್ಪು, ಆ್ಯಪಿನವರಿಗೇನು ಗೊತ್ತು ಎಂದು ಮೇಷ್ಟ್ರು ಸೀಮೆಸುಣ್ಣ ಕೈಗೆತ್ತಿಕೊಂಡವರು, ಯಾವುದಕ್ಕೂ ಇರಲಿ ಎಂದು ಅವನ ಫೋನು ಇಸಿದುಕೊಂಡು ನೋಡಿದರು. ಡಿ ನಾಲ್ಕೇ ಇತ್ತು. ಊಹೆ ಸರಿಯಾಗಿತ್ತು. ಮರುಗಳಿಗೆ ಕಣ್ಣು ಮೇಲಕ್ಕೆ ಹೋಯಿತು. ಪ್ರಶ್ನೆಯ ಸಂಖ್ಯೆ, ಅದರ ಪಕ್ಕದಲ್ಲಿ ಅವರು ಎಂದೂ ನೋಡದ ಒಂದು ಸಾಲು: ‘25 ಮೀಟರ್ ಎತ್ತರದ ಕಟ್ಟಡದ ತುದಿಯಲ್ಲಿ ನಿಂತು’.

ಎಸೆದವನ ಕೈಮಟ್ಟಕ್ಕೆ ಕಲ್ಲು ಮರಳಲು ನಾಲ್ಕು ಸೆಕೆಂಡ್. ಅಲ್ಲಿಂದ ನೆಲಕ್ಕೆ ಇನ್ನೂ ಇಪ್ಪತ್ತೈದು ಮೀಟರ್. ಅದಕ್ಕೆ ಇನ್ನೊಂದು ಸೆಕೆಂಡ್. ಐದು. ಹುಡುಗಿ ಸರಿಯಾಗೇ ಮಾಡಿದ್ದಳು. ಅವಸರದಲ್ಲಿ ಕಟ್ಟಡವನ್ನು ಮರೆಯುವವರು ಬೀಳಲಿ ಎಂದೇ ಡಿಯಲ್ಲಿ ನಾಲ್ಕನ್ನು ಇಟ್ಟಿದ್ದರು. ಮೇಷ್ಟ್ರು ಕಟ್ಟಡವನ್ನು ಕಾಣದೆಯೇ ಆ ಬಲೆಗೆ ಬಿದ್ದಿದ್ದರು.

ಅವರು ತರಗತಿಗೆ ಐದೇ ಸರಿ ಎಂದಷ್ಟೇ ಹೇಳಿ ಮುಂದಿನ ಪಾಠಕ್ಕೆ ಹೋದರು. ಬಸ್ಸಿನಲ್ಲಿ ಕೂತು ತಮ್ಮ ಹಳೆಯ ಉತ್ತರವನ್ನು ಅಳಿಸಲು ನೋಡಿದರು. ದಿನಗಳು ಕಳೆದಿದ್ದವು, ತಮ್ಮ ಫೋನಿನಲ್ಲಿ ಮಾತ್ರ ಅಳಿಸಬಹುದಿತ್ತು, ಎಲ್ಲರ ಫೋನಿನಲ್ಲಿ ಆಗುತ್ತಿರಲಿಲ್ಲ. ಕೊನೆಗೆ, ‘ಇನ್ನು ಮುಂದೆ ಯಾರೂ ಅರ್ಧಂಬರ್ಧ ಸ್ಕ್ರೀನ್‌ಶಾಟ್ ಕಳಿಸಬಾರದು’ ಎಂದು ಹಾಕಿದರು.

ಮನೆಯಲ್ಲಿ ಹೆಂಡತಿ ಕನಕಲಕ್ಷ್ಮಿ ಸಂಗತಿಯನ್ನೆಲ್ಲ ಕೇಳಿಸಿಕೊಂಡರು. ಹುರುಳಿಕಾಯಿಯ ನಾರು ತೆಗೆಯುತ್ತ, ಆ ಹುಡುಗಿ ಯಾಕೆ ಬರುತ್ತಿಲ್ಲವಂತೆ ಎಂದರು. ಗೊತ್ತಿಲ್ಲ ಎಂದರು ಮೇಷ್ಟ್ರು.

“ಅರ್ಧ ಕಳಿಸಿದ್ದು ಅವಳು, ಸರಿ. ಅರ್ಧ ಇದೆ ಅಂತ ನಿಮಗೆ ಕಾಣಿಸ್ತಿತ್ತಲ್ಲ?”

ಕಾಣಿಸಿತ್ತು. ನಾಲ್ಕನೇ ಆಯ್ಕೆ ಇಲ್ಲ ಎನ್ನುವುದನ್ನು ಕಂಡೇ ಅವರು ಡಿ ಎಂದು ಬರೆದದ್ದು. ಕೆಳಗೆ ಕತ್ತರಿಸಿಹೋದದ್ದು ಮೇಲೂ ಕತ್ತರಿಸಿಹೋಗಿರಬಹುದೇ ಎಂದು ನೋಡಿದ್ದರೆ, ಪ್ರಶ್ನೆಯ ಸಂಖ್ಯೆ ಇಲ್ಲದ್ದು ಕಾಣುತ್ತಿತ್ತು. ‘ಪೂರ್ತಿ ಕಳಿಸಮ್ಮ’ ಎನ್ನಲು ಎರಡು ಪದ ಸಾಕಿತ್ತು. ಬೈಯಲು ಅದಕ್ಕಿಂತ ಎಷ್ಟೋ ಹೆಚ್ಚು ಬರೆದಿದ್ದರು.

ಭಾನುವಾರ ಕೊರವಂಗಲಕ್ಕೆ ಹೋದರು. ನಿಸರ್ಗಳ ಅಪ್ಪ ಕಾಂತರಾಜು ಅಂಗಳದಲ್ಲಿ ಅವರೆಕಾಯಿ ಚೀಲ ಹೊಲಿಯುತ್ತಿದ್ದರು. ಮೇಷ್ಟ್ರನ್ನು ಕಂಡು ಸಂಭ್ರಮವೇ ಆಗಿಹೋಯಿತು. ಕುರ್ಚಿ ಬಂತು, ಮಜ್ಜಿಗೆ ಬಂತು. ಮಗಳು ಬರದೆ ಇದ್ದದ್ದಕ್ಕೆ ಅವರೇ ಕ್ಷಮೆ ಕೇಳಿದರು.

“ಸೈನ್ಸು ಬ್ಯಾಡವಂತೆ ಸಾ ಅವ್ಳಿಗೆ. ತಲೇಗೆ ಅತ್ತಾಕಿಲ್ಲ, ಆರ್ಟ್ಸ್‌ಗೆ ಓಗ್ತೀನಿ ಅಂತ ಕುಂತವ್ಳೆ. ನಾಳೀಕೆ ಕಾಲೇಜಿಗೆ ಬತ್ತೀನಿ ಅಂತ ಪ್ರಿನ್ಸಿಪಾಲ್ರಿಗೆ ಏಳ್ಬುಟ್ಟಿವ್ನಿ. ನೀವೇ ಬಂದ್ರಲ್ಲ. ನಿಮ್ಗೆ ಗೊತ್ತಿರ್ತದೆ, ಅವ್ಳಿಗೆ ಆಯ್ತದಾ ಇಲ್ವಾ ಅಂತ ನೀವೇ ಒಂದ್ಮಾತು ಏಳ್ಬುಡಿ.”

ಮಜ್ಜಿಗೆ ಲೋಟ ಮೇಷ್ಟ್ರ ಕೈಯಲ್ಲೇ ಉಳಿಯಿತು. ಆ ಒಂದು ಮಾತನ್ನು ತಾವು ಆಗಲೇ ಹೇಳಿಬಿಟ್ಟಿರುವುದು ಈ ಮನುಷ್ಯನಿಗೆ ಗೊತ್ತಿಲ್ಲ. ಮಗಳು ಮನೆಯಲ್ಲಿ ಅವರ ಹೆಸರನ್ನು ಎತ್ತಿಯೇ ಇರಲಿಲ್ಲ.

ನಿಸರ್ಗ ಬಾಗಿಲಿಗೆ ಬಂದು ನಿಂತಳು. ಮೇಷ್ಟ್ರು ಎದ್ದು ನಿಂತರು. ಅಪ್ಪನ ಎದುರಿಗೇ ಎಲ್ಲವನ್ನೂ ಹೇಳಿದರು: ಪ್ರಶ್ನೆಯ ಅರ್ಧ ನೋಡಿ ಉತ್ತರಿಸಿದ್ದು, ಅವಳ ಐದು ಸರಿಯಿದ್ದದ್ದು, ಎಲ್ಲರ ಮುಂದೆ ಅಂದದ್ದು, ಮೊನ್ನೆ ಗೊತ್ತಾದ ಮೇಲೂ ಗುಂಪಿನಲ್ಲಿ ಒಪ್ಪಿಕೊಳ್ಳದೆ ತಪ್ಪನ್ನು ಮಕ್ಕಳ ಮೇಲೇ ಹಾಕಿದ್ದು.

ನಿಸರ್ಗ ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆದಳು.

“ಕಟ್ಟಡ ಇದೆಯಲ್ಲ ಅಂತ ನಂಗೆ ಅನ್ನಿಸ್ತು ಸಾರ್. ನೀವೂ ನೋಡಿರ್ತೀರ, ನೋಡೇ ನಾಲ್ಕು ಅಂದಿದ್ದೀರ ಅಂದ್ಕೊಂಡೆ. ಎಷ್ಟ್ ಸಲ ಮಾಡಿದ್ರೂ ಐದೇ ಬರ್ತಿತ್ತು. ನಂಗೇ ತಲೆ ಇಲ್ಲ ಅಂತ ಗಟ್ಟಿಯಾಯ್ತು. ಆಮೇಲೆ ಆ್ಯಪನ್ನೂ ಗುಂಪನ್ನೂ ತೆರ್ದೇ ನೋಡಿಲ್ಲ.”

ತಾನು ಕಳಿಸಿದ ಚಿತ್ರದಲ್ಲಿ ಆ ಸಾಲು ಬಿಟ್ಟುಹೋಗಿದೆ ಎಂದು ಅವಳಿಗೆ ಈಗಲೇ ಗೊತ್ತಾದದ್ದು. ಯಾಕೆ ಕತ್ತರಿಸಿದೆ ಎಂದು ಮೇಷ್ಟ್ರು ಮೆಲ್ಲಗೆ ಕೇಳಿದರು. ಆ್ಯಪು ಪುಟದ ಮೇಲೆ ಅವಳ ಹೆಸರು, ಹಿಂದಿನ ರ್‍ಯಾಂಕು ತೋರಿಸುತ್ತಿತ್ತಂತೆ. ಕೆಳಗೆ, ಈ ಪಾಠದಲ್ಲಿ ನೀವು ಹಿಂದಿದ್ದೀರಿ ಎನ್ನುವ ಸಾಲು. ಅದನ್ನು ನೋಡಿ ಗುಂಪಿನವರು ನಗುತ್ತಾರೆ ಎಂದು ಮೇಲೂ ಕೆಳಗೂ ಬೆರಳಿಟ್ಟು ಎಳೆದು ಕತ್ತರಿಸಿದ್ದಳು.

ಮೇಷ್ಟ್ರು ಫೋನು ತೆಗೆದು ಅಲ್ಲೇ ನಿಂತು ಬರೆದರು: ‘ಕಲ್ಲಿನ ಲೆಕ್ಕದಲ್ಲಿ ನಿಸರ್ಗಳ 5 ಸರಿ. ನಾಲ್ಕನೇ ಆಯ್ಕೆ ಇಲ್ಲದ್ದು ನನಗೆ ಕಂಡಿತ್ತು. ಪೂರ್ತಿ ಪ್ರಶ್ನೆ ಕೇಳದೆ ಊಹಿಸಿದೆ. ಮೊದಲ ಸಾಲೂ ಇರಲಿಲ್ಲ, ಗಮನಿಸಲಿಲ್ಲ. ಅವಳಿಗೆ ಅಂದ ಮಾತು ನನ್ನ ತಪ್ಪು.’ ಕಳಿಸುವ ಮುಂಚೆ ಅವಳಿಗೆ ತೋರಿಸಿದರು. ಅವಳು ಓದಿ, ಹ್ಞೂಂ ಎಂದಳು. ಕಳಿಸಿದರು.

ಕಾಂತರಾಜು ಇಬ್ಬರ ಮುಖವನ್ನೂ ನೋಡಿ, ಹಾಗಾದರೆ ನಾಳೆ ಕಾಲೇಜಿಗೆ ಹೋಗುವುದೋ ಬೇಡವೋ ಎಂದರು.

“ಬ್ಯಾಡ ಅಪ್ಪ. ಸೈನ್ಸಲ್ಲೇ ಇರ್ತೀನಿ.” ಆಮೇಲೆ ಮೇಷ್ಟ್ರ ಮುಖ ನೋಡದೆ, “ಟ್ಯೂಷನ್‌ಗೆ ಮಾತ್ರ ಓಗಲ್ಲ. ಮನೇಲೇ ಓದ್ಕತೀನಿ.”

ಕಾಂತರಾಜು ಗದರಿಸಲು ಬಾಯಿ ತೆರೆದರು. ಮೇಷ್ಟ್ರು ಕೈ ಅಡ್ಡ ಹಿಡಿದು, ಅವಳು ಹೇಳಿದ್ದು ಸರಿ ಎಂದರು.

ಬಸ್ ನಿಲ್ಲುವ ಜಾಗದವರೆಗೂ ಕಾಂತರಾಜು ಜೊತೆಗೆ ಬಂದರು, ಬೇಡವೆಂದರೂ ಬಿಡದೆ ಕೈಗೊಂದು ಚೀಲ ಅವರೆಕಾಯಿ ತುರುಕಿದರು.

“ಉಡ್ಗಿ ಮಾತು ಮನ್ಸಿಗ್ ಅಚ್ಕಬ್ಯಾಡಿ ಸಾ. ಇಷ್ಟು ದೂರ ಬಂದ್ರಿ, ದೊಡ್ಡವ್ರು ನೀವು.”

ಬಸ್ಸಿನಲ್ಲಿ ಸೀಟು ಸಿಕ್ಕಿತು. ಚೀಲವನ್ನು ಕೆಳಗಿಡಲು ಮನಸ್ಸು ಬರದೆ ಹಾಸನದವರೆಗೂ ತೊಡೆಯ ಮೇಲೇ ಇಟ್ಟುಕೊಂಡು ಕೂತರು.